ಪೋಲಿಯೊ ಆಗಿದ್ದ ನೇಕಾರರ ಬಗ್ಗೆ ಲೇಖನ: ‘ಅಂಗವಿಕಲ’ ತೆಗೆದು ‘ವಿಕಲಚೇತನ’ ಹಾಕಿದರೆ ಸಾಕೇನ್ರಿ?

ಮಲಪ್ರಭಾ ದಂಡಿ (ಹುನಗುಂದ)

ಎಲ್ಲರಿಗೂ ನಮಸ್ಕಾರ್ರಿ. ನಾನು ಹುನಗುಂದ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸ್ತೀನಿ. ಡಿಸೆಂಬರ್ 3 ಅಂಗವಿಕಲರ ಅಂತರರಾಷ್ಟ್ರೀಯ ದಿನ. ಆ ವಾರಕ್ಕೆ ಒಂದು ಲೇಖನ ಬರೆದುಕೊಡಿ ಅಂತ ನಮ್ಮ ಕಡೆಯ ವಾರಪತ್ರಿಕೆಯವರು ಕೇಳಿದರು. ಗುಳೇದಗುಡ್ಡದಲ್ಲಿ ಖಣ ನೇಯುವ ಒಬ್ಬರ ಬಗ್ಗೆ ಬರೆದೆ. ಪ್ರಕಟಣೆಗೆ ಕಳಿಸುವ ಮೊದಲು ಅವರ ಮನೆಗೇ ಹೋಗಿ ಓದಿ ತೋರಿಸಿದೆ. ಮೊದಲ ಪ್ಯಾರಾ ಇದು:

“ಹುಟ್ಟಿನಿಂದಲೇ ವಿಧಿಯ ಕ್ರೂರ ಆಟಕ್ಕೆ ಬಲಿಯಾದ ಪೋಲಿಯೊ ಪೀಡಿತ ಅಂಗವಿಕಲನೊಬ್ಬ, ಒಂದು ಕಾಲಿಲ್ಲದಿದ್ದರೂ ಛಲ ಬಿಡದೆ, ಸಾಮಾನ್ಯರನ್ನೂ ನಾಚಿಸುವಂತೆ ಗುಳೇದಗುಡ್ಡದ ಖಣ ನೇಯುತ್ತಿದ್ದಾನೆ. ಎಲ್ಲವೂ ಇದ್ದು ಗೊಣಗುವ ನಮಗೆಲ್ಲ ಈತ ಸ್ಫೂರ್ತಿ.”

ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಲಾಳಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಆಮೇಲೆ “ಅಕ್ಕೋರ, ಇದರಾಗ ನನ್ನ ಮಗ್ಗ ಎಲ್ಲೈತ್ರಿ?” ಅಂದರು. ಸಿಟ್ಟು ಇರಲಿಲ್ಲ ಅವರ ಮಾತಿನಲ್ಲಿ. ನನಗೆ ಮಾತ್ರ ಅಲ್ಲಿ ಕೂಡಲಿಕ್ಕೆ ಆಗಲಿಲ್ಲ.

ಮನೆಗೆ ಬಂದು ‘ಅಂಗವಿಕಲ’ ಇದ್ದಲ್ಲಿ ‘ವಿಕಲಚೇತನ’ ಹಾಕಿ ನೋಡಿದೆ. ಏನೂ ಬದಲಾದ ಹಾಗೆ ಅನ್ನಿಸಲಿಲ್ಲ. ಬಲ್ಲವರು ದಯವಿಟ್ಟು ಹೇಳಿ, ಇದನ್ನು ಹೇಗೆ ತಿದ್ದಬೇಕು?

ಶುದ್ಧ ಬರಹ (ಬಾಗಲಕೋಟೆ)

ಟೀಚರ್, ಸುಲಭ ಇದೆ. ‘ದಿವ್ಯಾಂಗ’ ಅಂತ ಬರೆಯಿರಿ, ಮುಗೀತು. ಕೇಂದ್ರ ಸರಕಾರವೇ ಬಳಸುವ ಪದ. ಕೇಳಲಿಕ್ಕೂ ಗೌರವ. ‘ಕುಂಟ’, ‘ಕುರುಡ’, ‘ಕಿವುಡ’ ಇವು ಎಲ್ಲಿ ಕಂಡರೂ ತೆಗೆಯಬೇಕು. ಹಾಗೇ ‘ಅಭಿವೃದ್ಧಿ ಕುಂಠಿತ’ ಅಂತ ಬರೆಯುವುದನ್ನೂ ಪತ್ರಿಕೆಗಳು ನಿಲ್ಲಿಸಬೇಕು. ಅದೂ ‘ಕುಂಟ’ದಿಂದಲೇ ಬಂದದ್ದು.

ಹಳೇ ಡೆಸ್ಕು (ವಿಜಯಪುರ)

ನಾನು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ 24 ವರ್ಷ ಉಪಸಂಪಾದಕನಾಗಿ ಕೆಲಸ ಮಾಡಿದವನು. ಟೀಚರ್, ನೀವು ಬರೆದಂಥ ಪ್ಯಾರಾಗಳನ್ನು ನಾನೇ ನೂರಾರು ಸಲ ಪುಟಕ್ಕೆ ಬಿಟ್ಟಿದ್ದೇನೆ. ಆದ್ದರಿಂದ ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ.

ಪದಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಪ್ಯಾರಾದಲ್ಲಿ ಎಷ್ಟು ಸಂಗತಿಗಳು ನಿಜ, ಅದನ್ನು ನೋಡಿ. ‘ಹುಟ್ಟಿನಿಂದಲೇ’ ಎಂದು ಬರೆದಿದ್ದೀರಿ. ಪೋಲಿಯೊ ಹುಟ್ಟಿನಿಂದ ಬರುವುದಲ್ಲ, ವೈರಸ್ಸಿನಿಂದ ಹರಡುವ ಸೋಂಕು, ಬಹಳ ಮಾಡಿ ಚಿಕ್ಕ ಮಕ್ಕಳಿಗೆ ತಗಲುತ್ತಿತ್ತು. ‘ಪೋಲಿಯೊ ಪೀಡಿತ’ ಎಂದಿದ್ದೀರಿ. ಸೋಂಕು ಬಂದು ಹೋಗಿ ದಶಕಗಳಾದವು, ಈಗ ಅವರಿಗೆ ಪೋಲಿಯೊ ಇಲ್ಲ. ಉಳಿದದ್ದು ಕಾಲಿನ ಸ್ನಾಯುಗಳ ಬಲಹೀನತೆ. ‘ಒಂದು ಕಾಲಿಲ್ಲದಿದ್ದರೂ’ ಎಂದಿದ್ದೀರಿ. ನಿಜವಾಗಿ ಕಾಲು ಇಲ್ಲವೋ, ಇದ್ದು ಬಲ ಕಡಿಮೆಯೋ? ನಾನು ಅವರನ್ನು ಕಂಡಿಲ್ಲ, ಆದರೆ ಪೋಲಿಯೊದಿಂದ ಕಾಲು ಹೋಗುವುದಿಲ್ಲ, ಸೊರಗುತ್ತದೆ.

ನನ್ನ ಅನುಭವದಲ್ಲಿ ಮರುಕದ ಮಾತು ಬರುವುದು ನಾವು ವಿಷಯ ಕೇಳದೇ ಬಿಟ್ಟ ಜಾಗದಲ್ಲಿ. ‘ವಿಧಿಯ ಕ್ರೂರ ಆಟ’ ಎಂದು ಬರೆದ ಕೂಡಲೇ ಯಾವ ವಯಸ್ಸಿನಲ್ಲಿ ಜ್ವರ ಬಂತು, ಯಾವ ಕಾಲು, ಈಗ ಹೇಗೆ ನಡೆಯುತ್ತಾರೆ ಎಂದು ಕೇಳುವ ಅಗತ್ಯವೇ ಇಲ್ಲದಂತಾಗುತ್ತದೆ.

ಶುದ್ಧ ಬರಹದವರಿಗೆ ಒಂದು ಮಾತು. ‘ಕುಂಠಿತ’ ಸಂಸ್ಕೃತದ ಪದ, ಅದರ ಮೂಲ ಅರ್ಥ ಮೊಂಡಾದದ್ದು, ಹರಿತ ಕಳೆದುಕೊಂಡದ್ದು. ‘ಕುಂಟ’ ನಮ್ಮ ದ್ರಾವಿಡ ಮಾತು. ಇಂದಿನ ಬಳಕೆಯಲ್ಲಿ ಎರಡರ ಅರ್ಥವೂ ಬೇರೆ. ಅದನ್ನು ಅದರ ಪಾಡಿಗೆ ಬಿಡಬಹುದು.

ಮಲಪ್ರಭಾ ದಂಡಿ

ಸರ್, ನೀವು ಹೇಳಿದ್ದು ಖರೆ. ಇವತ್ತು ಫೋನ್ ಮಾಡಿ ಕೇಳಿದೆ. 3ನೇ ವರ್ಷದಾಗ ಜ್ವರ ಬಂದಿತ್ತಂತೆ. ಎಡಗಾಲು. ಕಾಲು ಇದೆ, ಬಲ ಇಲ್ಲ. ನಾನು ಎರಡು ಸಲ ಅವರ ಮನೆಗೆ ಹೋಗಿದ್ದೆ, ಎದುರಿಗೇ ಕೂತಿದ್ದೆ, ಆದರೂ ‘ಒಂದು ಕಾಲಿಲ್ಲ’ ಅಂತ ಬರೆದೆ. ನಾಚಿಕೆ ಆಗ್ತದ.

ಗೆಜ್ಜಿ ಸಪ್ಪಳ (ಬಸವನ ಬಾಗೇವಾಡಿ)

ನಾನು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನನಗೂ ಅಂಗವೈಕಲ್ಯ ಇದೆ, ಬಲಗೈ. ನಮ್ಮ ಇಲಾಖೆಯ ಹೆಸರೇ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ಎಲ್ಲ ಅರ್ಜಿ, ಸುತ್ತೋಲೆ, ಪಾಸು ಅದೇ ಪದದಲ್ಲಿ ಬರ್ತಾವ. ಹಂಗಾಗಿ ‘ವಿಕಲಚೇತನ’ ಅಂತ ಬರೆದರೆ ತಪ್ಪಿಲ್ಲ, ಟೀಚರ್. ಊರಾಗ ಎಲ್ಲರಿಗೂ ಅರ್ಥ ಆಗುವ ಪದ ಅದೇ.

ಬಿಳಿ ಕೋಲು (ಬೆಳಗಾವಿ)

ಈ ಚರ್ಚೆಯನ್ನು ನನ್ನ ಕಂಪ್ಯೂಟರ್ ನನಗೆ ಓದಿ ಹೇಳುತ್ತಿದೆ. ನಾನು ಅಂಧ, ಬ್ಯಾಂಕಿನಲ್ಲಿ ಕೆಲಸ.

ಗೆಜ್ಜಿ ಸಪ್ಪಳ ಅಕ್ಕಾ, ನಿಮ್ಮ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಅರ್ಜಿಯಲ್ಲಿ ಆ ಪದ ಇರಲಿ. ಆದರೆ ಒಮ್ಮೆ ಬಿಡಿಸಿ ನೋಡಿ. ‘ಅಂಗವಿಕಲ’ ಅಂದರೆ ಅಂಗದಲ್ಲಿ ಊನ. ‘ವಿಕಲಚೇತನ’ ಅಂದರೆ ಊನ ಬಂದದ್ದು ಚೇತನಕ್ಕೆ. ನನಗೆ ಕಣ್ಣು ಕಾಣುವುದಿಲ್ಲ, ಚೇತನಕ್ಕೆ ಏನೂ ಆಗಿಲ್ಲ. ಗೌರವ ಕೊಡಲು ಹೋಗಿ ಊನವನ್ನು ಮೈಯಿಂದ ಜೀವದೊಳಗೆ ತಳ್ಳಿದ ಹಾಗಾಯಿತು. ‘ವಿಶೇಷಚೇತನ’ವೂ ನನಗೆ ಬೇಡ. ನನ್ನಲ್ಲಿ ವಿಶೇಷ ಏನಿಲ್ಲ, ಎಲ್ಲರಂತೆ ಇಎಂಐ ಕಟ್ಟುತ್ತೇನೆ.

‘ದಿವ್ಯಾಂಗ’ ಇನ್ನೂ ದೂರದ್ದು. ನನ್ನ ಕಣ್ಣಲ್ಲಿ ದಿವ್ಯವಾದದ್ದು ಏನಿದೆ? ಯಾರಾದರೂ ಹಾಗೆ ಕರೆದರೆ ಮುಂದಿನ ಮಾತು ‘ನಿಮಗೆ ದೇವರು ಬೇರೆ ಶಕ್ತಿ ಕೊಟ್ಟಿರ್ತಾನ’ ಅಂತಲೇ ಇರುತ್ತದೆ. ಆ ಮಾತಿಗೆ ನಾನು ಏನು ಉತ್ತರ ಕೊಡಲಿ? ನನಗೆ ಬೇಕಿರುವುದು ಎಟಿಎಂ ಮಾತಾಡುವುದು, ಬಸ್ಸಿನ ಬೋರ್ಡನ್ನು ಯಾರಾದರೂ ಕೂಗಿ ಹೇಳುವುದು.

ಹಳೇ ಡೆಸ್ಕು

ಬಿಳಿ ಕೋಲು ಅವರು ಹೇಳಿದ್ದು ಬರೀ ವೈಯಕ್ತಿಕ ಬೇಸರವಲ್ಲ. ‘ದಿವ್ಯಾಂಗ’ ಪದವನ್ನು ಪ್ರಧಾನಿ 2015ರ ಡಿಸೆಂಬರ್‌ನಲ್ಲಿ ತಮ್ಮ ರೇಡಿಯೊ ಭಾಷಣದಲ್ಲಿ ಸೂಚಿಸಿದರು, ಮುಂದಿನ ವರ್ಷ ಕೇಂದ್ರದ ಇಲಾಖೆಯ ಹೆಸರಿಗೂ ಸೇರಿತು. ಆದರೆ 2019ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದ ವಿಶ್ವಸಂಸ್ಥೆಯ ಸಮಿತಿ, ಆ ಪದ ವಿವಾದಾತ್ಮಕವಾಗಿಯೇ ಉಳಿದಿದೆ ಎಂದು ಬರೆಯಿತು. ಅಂಗವೈಕಲ್ಯ ಇರುವವರ ಹಲವು ಸಂಘಟನೆಗಳೂ ಮೊದಲಿನಿಂದ ಬೇಡ ಎನ್ನುತ್ತಿವೆ. ಸರಕಾರ ಬಳಸುತ್ತದೆ ಎಂಬ ಒಂದೇ ಕಾರಣಕ್ಕೆ ಲೇಖನದಲ್ಲಿ ಬಳಸಬೇಕಿಲ್ಲ. ಇಲಾಖೆಯ ಹೆಸರು, ಕಾಯ್ದೆಯ ಹೆಸರು, ಶಾಲೆಯ ಹೆಸರು ಬಂದಾಗ ಮಾತ್ರ ಇದ್ದದ್ದನ್ನು ಇದ್ದಂತೆಯೇ ಬರೆಯಿರಿ. ಅದು ನಮ್ಮದಲ್ಲ, ತಿದ್ದುವ ಹಕ್ಕು ನಮಗಿಲ್ಲ.

ಇನ್ನು ‘ವ್ಯಕ್ತಿ ಮೊದಲು’ ಎಂಬ ಮಾತು. ಇದು ಇಂಗ್ಲಿಷಿನಿಂದ ಬಂದ ಸೂತ್ರ. ಅಲ್ಲಿ ನಿಜವಾಗಿಯೂ ವ್ಯಕ್ತಿ ಎಂಬ ಪದ ಮೊದಲು ಬಂದು ಅಂಗವೈಕಲ್ಯ ಆಮೇಲೆ ಬರುತ್ತದೆ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮುಂಚೆಯೇ ಕೂಡ್ರಬೇಕು. ‘ಅಂಗವೈಕಲ್ಯ ಇರುವ ವ್ಯಕ್ತಿ’ ಎಂದರೂ ಮೊದಲು ಕಿವಿಗೆ ಬೀಳುವುದು ಅಂಗವೈಕಲ್ಯವೇ. ಹಾಗಾಗಿ ಪದಗಳ ಸಾಲನ್ನು ಹಿಂದುಮುಂದು ಮಾಡಿದರೆ ನಮ್ಮಲ್ಲಿ ಏನೂ ದಕ್ಕುವುದಿಲ್ಲ. ವಾಕ್ಯದ ಬೇರೆ ಮೂರು ಜಾಗಗಳನ್ನು ನೋಡಬೇಕು.

ಒಂದು ನಾಮಪದ. ‘ಕುರುಡು’ ಒಂದು ಸ್ಥಿತಿ. ಅದು ‘ಕುರುಡ’ ಆದ ಕೂಡಲೇ ಇಡೀ ಮನುಷ್ಯನಿಗೆ ಅದೇ ಹೆಸರು. ‘ಅಂಗವಿಕಲನೊಬ್ಬ ಖಣ ನೇಯುತ್ತಾನೆ’ ಎಂಬಲ್ಲಿ ನೇಕಾರ ಎಲ್ಲಿದ್ದಾರೆ? ನಿಮ್ಮ ನೇಕಾರರು ‘ನನ್ನ ಮಗ್ಗ ಎಲ್ಲೈತಿ’ ಎಂದು ಕೇಳಿದ್ದು ಇದನ್ನೇ. ಕರ್ತೃಪದದ ಜಾಗದಲ್ಲಿ ಅವರ ಹೆಸರು ಅಥವಾ ಕಸುಬು ಬರಲಿ, ಕಾಲಿನ ಮಾತು ಆಮೇಲೆ ಬೇಕಾದ ಕಡೆ ಬೇರೆ ವಾಕ್ಯದಲ್ಲಿ ಬರಲಿ. ಕನ್ನಡದಲ್ಲಿ ವ್ಯಕ್ತಿಯನ್ನು ಮೊದಲು ತರುವ ದಾರಿ ಇದೇ.

ಇನ್ನೊಂದು ಕ್ರಿಯಾಪದ. ಬಳಲುತ್ತಿರುವ, ನರಳುತ್ತಿರುವ, ತುತ್ತಾದ, ಪೀಡಿತ. ಇವೆಲ್ಲ ಬಿಟ್ಟು ‘ಇದೆ’, ‘ಇರುವ’, ‘ಆಗಿತ್ತು’ ಎಂದರೆ ಸಾಕು. ‘ಗಾಲಿಕುರ್ಚಿಗೆ ಸೀಮಿತರಾದ’ ಎಂದು ಬರೆಯುತ್ತಾರೆ. ಗಾಲಿಕುರ್ಚಿ ಬಂದ ಮೇಲೆಯೇ ಆ ಮನುಷ್ಯ ಮನೆಯಿಂದ ಹೊರಗೆ ಬಂದದ್ದು. ‘ಗಾಲಿಕುರ್ಚಿ ಬಳಸುತ್ತಾರೆ’ ಎನ್ನಿ.

ಕೊನೆಯದು ಕನ್ನಡಕ್ಕೇ ವಿಶೇಷವಾದದ್ದು, ಯಾರೂ ಗಮನಿಸದ್ದು. ‘ನೇಯುತ್ತಿದ್ದಾನೆ’, ‘ಈತ’. ಅವರಿಗೆ ವಯಸ್ಸೆಷ್ಟು, ಟೀಚರ್? ಅದೇ ಸಂಚಿಕೆಯಲ್ಲಿ ಅಂಗವೈಕಲ್ಯ ಇಲ್ಲದ ಇನ್ನೊಬ್ಬ ನೇಕಾರರ ಬಗ್ಗೆ ಬರೆದಿದ್ದರೆ ‘ನೇಯುತ್ತಿದ್ದಾರೆ’ ಅಂತಲೇ ಬರೆಯುತ್ತಿದ್ದಿರಿ. ಹಳೆಯ ಪುಟಗಳನ್ನು ತೆಗೆದು ನೋಡಿ: ಬೇರೆಯವರಿಗೆಲ್ಲ ಬಹುವಚನ, ಅಂಗವೈಕಲ್ಯ ಇರುವವರಿಗೆ ಬಹಳ ಕಡೆ ಏಕವಚನ. ಪದ ಎಷ್ಟೇ ಚಂದ ಇರಲಿ, ವಾಕ್ಯದ ಬಾಲಕ್ಕೆ ‘-ದ್ದಾನೆ’ ಅಂಟಿದರೆ ಗೌರವ ಅಲ್ಲಿಗೇ ಹೋಯಿತು.

ಮಲಪ್ರಭಾ ದಂಡಿ

46 ವಯಸ್ಸು ಸರ್. ನನಗಿಂತ 8 ವರ್ಷ ದೊಡ್ಡವರು. ಎದುರಿಗೆ ‘ರೀ’ ಹಚ್ಚಿಯೇ ಮಾತಾಡಿಸ್ತೀನಿ. ಬರೆಯುವಾಗ ಏಕವಚನ ಹೇಗೆ ಬಂತೋ ತಿಳಿಯಲಿಲ್ಲ.

ಎರಿ ಹೊಲ (ಇಂಡಿ)

ಇಷ್ಟೆಲ್ಲಾ ವಿಚಾರ ಯಾಕ ಬೇಕ್ರಿ? ನಮ್ಮೂರಾಗ ಒಂದ ಹೆಸರಿನ ಮಂದಿ ಮೂವರು ಅದಾರ. ಒಬ್ಬನಿಗೆ ಮಾಸ್ತರ ಅಂತೀವಿ, ಒಬ್ಬನಿಗೆ ಮ್ಯಾಲಿನ ಓಣ್ಯಾಂವ ಅಂತೀವಿ, ಮೂರನೆಯವಗ ಕುಂಟ ಅಂತೀವಿ. ಐವತ್ತ ವರ್ಷಾತು, ಅಂವ ಒಮ್ಮೆನೂ ಸಿಟ್ಟಾಗಿಲ್ಲ. ನಕ್ಕೋತ ‘ಏನೋ’ ಅಂತಾನ. ಮನಸಿನಾಗ ಕೆಟ್ಟದ್ದಿಲ್ಲ ಅಂದ್ರ ಶಬ್ದದಾಗ ಏನೈತಿ?

ಬಿಳಿ ಕೋಲು

ಎರಿ ಹೊಲದ ಅಣ್ಣಾರ, ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಅಂತ ನಂಬುತ್ತೇನೆ. ಆದರೆ ಅವರು ಸಿಟ್ಟಾಗಿಲ್ಲ ಅನ್ನುವುದು ನಿಮಗೆ ಗೊತ್ತು, ಅವರಿಗೆ ಬೇಸರ ಆಗಿಲ್ಲ ಅನ್ನುವುದು ಗೊತ್ತೇ? ನನ್ನನ್ನು ಶಾಲೆಯಲ್ಲಿ ಹಾಗೆ ಕರೆಯುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಮಾರನೆಯ ದಿನ ಕೈ ಹಿಡಿದು ರಸ್ತೆ ದಾಟಿಸಲು ಯಾರೂ ಸಿಗುತ್ತಿರಲಿಲ್ಲ. ಒಮ್ಮೆ ಅವರನ್ನೇ ಕೇಳಿ ನೋಡಿ.

ಇದರ ಜೊತೆ ಇನ್ನೊಂದು ಮಾತು ಹೇಳಬೇಕು. ‘ಅಧಿಕಾರಿಗಳ ಜಾಣ ಕುರುಡು’, ‘ಜಾಣ ಕಿವುಡು’. ಸುದ್ದಿ ಓದಿಸಲು ಕೂತರೆ ಎರಡು ದಿನಕ್ಕೊಮ್ಮೆಯಾದರೂ ಯಂತ್ರದ ಧ್ವನಿಯಲ್ಲಿ ಇದು ಕಿವಿಗೆ ಬೀಳುತ್ತದೆ. ಕಾಣದವನಿಗೆ ಜಾಣತನ ಎಲ್ಲಿಂದ ಬಂತು? ಕಂಡೂ ಕಾಣದಂತೆ ಇರುವುದು ಕಣ್ಣಿದ್ದವರ ಕೆಲಸ. ಲಂಚ ತಿಂದು ಸುಮ್ಮನಿದ್ದವರಿಗೆ ನನ್ನ ಹೆಸರು ಯಾಕೆ? ‘ಕಂಡೂ ಕಾಣದಂತೆ ಕುಳಿತ ಅಧಿಕಾರಿಗಳು’ ಅಂದರೆ ಅರ್ಥ ಇನ್ನೂ ನೆಟ್ಟಗೆ ಬರುತ್ತದೆ.

ಹಳೇ ಡೆಸ್ಕು

ಆ ಶೀರ್ಷಿಕೆ ನಾನೇ ಕೊಟ್ಟದ್ದು ಲೆಕ್ಕವಿಲ್ಲ. ಒಂದು ಕಾಲಂ ಜಾಗದಲ್ಲಿ ಎರಡೇ ಪದ ಹಿಡಿಯುತ್ತವೆ, ‘ಜಾಣ ಕುರುಡು’ ಸರಿಯಾಗಿ ಕೂಡುತ್ತದೆ. ಅದು ನೆಪ ಎಂದು ಈಗ ಅನ್ನಿಸುತ್ತದೆ.

ಆದರೆ ಎಲ್ಲ ಕಡೆ ಕಣ್ಣು ಮುಚ್ಚಿ ಪದ ಬದಲಿಸುವುದೂ ಅಪಾಯ. ನಮ್ಮ ಡೆಸ್ಕಿನಲ್ಲಿ ನಡೆದದ್ದು ಕೇಳಿ. ಒಂದು ಸಲ ಮೇಲಿನಿಂದ ಪಟ್ಟಿ ಬಂತು: ಕುಂಟ, ಹೆಳವ, ಕುರುಡ ಇವೆಲ್ಲ ಇದ್ದಲ್ಲಿ ‘ವಿಕಲಚೇತನ’ ಹಾಕಿ. ಹೊಸ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಹುಡುಕಿ ಒಟ್ಟಿಗೇ ಬದಲಿಸಿದ. ಆ ದಿನದ ಪುಟದಲ್ಲಿ ಚಿಕ್ಕೋಡಿ ಕಡೆಯಿಂದ ಬಂದ ಒಂದು ಬರಹ ಇತ್ತು. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಓದಿ ಹೇಳುವ ಹೆಳವರ ಬಗ್ಗೆ. ಬೆಳಿಗ್ಗೆ ನೋಡಿದರೆ ‘ವಂಶಾವಳಿ ಹೇಳಲು ಬಂದ ವಿಕಲಚೇತನರು’ ಎಂದು ಅಚ್ಚಾಗಿದೆ. ಹೆಳವ ಎಂಬ ಪದಕ್ಕೆ ಕಾಲು ಬಾರದವನು ಎಂಬ ಅರ್ಥ ಇರುವುದು ಹೌದು. ಆದರೆ ಅದು ಒಂದು ಸಮುದಾಯದ ಹೆಸರು. ಅವರೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಫೋನಿನಲ್ಲಿ ಕ್ಷಮೆ ಕೇಳಿದವನು ನಾನು. ಆವತ್ತಿನಿಂದ ನಾನು ಬದಲಿ ಪದಗಳ ಪಟ್ಟಿಯನ್ನು ನಂಬುವುದಿಲ್ಲ, ವಾಕ್ಯವನ್ನು ಓದಿ ನೋಡುತ್ತೇನೆ.

ಜಮಖಂಡಿ ತಾಯಿ

ನಮಸ್ಕಾರ. ನನ್ನ ಮಗಗ 11 ವರ್ಷ. ಡೌನ್ ಸಿಂಡ್ರೋಮ್ ಐತಿ. ಹ್ವಾದ ವರ್ಷ ಜಾತ್ರ್ಯಾಗ ಅರ್ಧ ತಾಸು ತಪ್ಪಿಸಿಕೊಂಡಿದ್ದ. ಸಿಕ್ಕ. ಮರುದಿನ ಪೇಪರಿನಾಗ ‘ಮಾನಸಿಕ ಅಸ್ವಸ್ಥ ಬಾಲಕ ಪತ್ತೆ’ ಅಂತ ಫೋಟೋ ಸಮೇತ ಬಂತು. ಅವನ ಸಾಲಿ ಹುಡುಗರು ‘ಹುಚ್ಚ’ ಅನ್ನಾಕ ಶುರು ಮಾಡಿದ್ರು. ಅವನಿಗೆ ಯಾವ ಹುಚ್ಚೂ ಇಲ್ಲ. ಸಾವಕಾಶ ಕಲೀತಾನ ಅಷ್ಟ. ಆ ಪೇಪರಿನವರಿಗೆ ಏನಂತ ಬರೀಬೇಕಾಗಿತ್ತು ಅಂತ ಹೇಳೋದು ನನಗ ತಿಳೀಲಿಲ್ಲ.

ಇನ್ನೊಂದು, ಅವನ ಯುಡಿಐಡಿ, ಅಂದ್ರ ಅಂಗವೈಕಲ್ಯದ ಗುರುತಿನ ಕಾರ್ಡ್, ಇನ್ನೂ ಮಾಡಿಸಿಲ್ಲ. ಇಲ್ಲಿ ಯಾರಾದರೂ ಮಾಡಿಕೊಡ್ತೀರೇನ್ರಿ?

ಗೆಜ್ಜಿ ಸಪ್ಪಳ

ಅಕ್ಕಾ, ಕಾರ್ಡಿನ ಅರ್ಜಿ swavlambancard.gov.in ನಲ್ಲಿ ಹಾಕಬೇಕು. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನ ಕೇಳ್ರಿ, ನೀವು ನಗರದಾಗ ಇದ್ದರೆ ನಗರಸಭೆಯಲ್ಲಿ ವಿಚಾರಿಸ್ರಿ. ಮಗನ ಆಧಾರ್, ಫೋಟೋ ತಗೊಂಡು ಹೋಗ್ರಿ. ತಪಾಸಣೆ ಸರಕಾರಿ ದವಾಖಾನಿಯಾಗ ಆಗ್ತದ. ಯಾರಿಗೂ ರೊಕ್ಕ ಕೊಡಬ್ಯಾಡ್ರಿ.

ಹಳೇ ಡೆಸ್ಕು

ಜಮಖಂಡಿಯ ತಾಯಿ, ನಿಮ್ಮ ಮಗನ ಬಗ್ಗೆ ಬರೆದದ್ದು ಬರೀ ಅಗೌರವ ಅಲ್ಲ, ಶುದ್ಧ ತಪ್ಪು. 2016ರ ಅಂಗವೈಕಲ್ಯ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. 1995ರ ಹಳೆಯ ಕಾಯ್ದೆಯಲ್ಲಿ 7 ಇದ್ದವು. ಹೊಸ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಬೇರೆ, ಬೌದ್ಧಿಕ ಅಂಗವೈಕಲ್ಯ ಬೇರೆ. ಮಾನಸಿಕ ಕಾಯಿಲೆಗೆ ಔಷಧ, ಚಿಕಿತ್ಸೆ ಇದೆ, ಬಂದು ಹೋಗಲೂಬಹುದು. ಬೌದ್ಧಿಕ ಅಂಗವೈಕಲ್ಯ ಕಾಯಿಲೆಯೇ ಅಲ್ಲ, ಕಲಿಕೆಯ ವೇಗ ಮತ್ತು ಬಗೆ ಬೇರೆ. ವರದಿಗಾರ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾನೆ. ‘ಬುದ್ಧಿಮಾಂದ್ಯ’ ಎಂಬುದು ಹಳೆಯ ದಾಖಲೆಗಳಲ್ಲಿ ಇದೆ, ಈಗ ಬರೆಯಬಾರದು.

ಇಷ್ಟಕ್ಕೂ ಆ ಸುದ್ದಿಗೆ ಅದು ಬೇಕಿತ್ತೇ? ‘ಜಾತ್ರೆಯಲ್ಲಿ ತಪ್ಪಿಸಿಕೊಂಡಿದ್ದ 11 ವರ್ಷದ ಬಾಲಕ ಅರ್ಧ ಗಂಟೆಯಲ್ಲಿ ಪತ್ತೆ’. ಸುದ್ದಿ ಮುಗಿಯಿತು. ಹುಡುಗ ಇನ್ನೂ ಸಿಗದೇ ಇದ್ದಾಗ, ಕರೆದರೆ ತಕ್ಷಣ ಉತ್ತರ ಕೊಡುವುದಿಲ್ಲ ಎಂಬುದು ಹುಡುಕುವವರಿಗೆ ಬೇಕಾದ ಮಾಹಿತಿ, ಆಗ ಬರೆಯಬೇಕು. ಸಿಕ್ಕ ಮೇಲೆ ಬೇಡ. ಫೋಟೋ ಅಂತೂ ಬೇಡವೇ ಬೇಡ. ಸಂಪಾದಕರಿಗೆ ಇದನ್ನೇ ಎರಡು ಸಾಲಿನಲ್ಲಿ ಬರೆದು, ಆನ್‌ಲೈನ್ ಪುಟದಿಂದ ಫೋಟೋ ತೆಗೆಯಲು ಕೇಳಿ.

ಸನ್ನೆ ಮಾತು (ಬೆಳಗಾವಿ)

ನನ್ನ ತಮ್ಮನಿಗೆ ಕಿವಿ ಕೇಳುವುದಿಲ್ಲ. ‘ಮೂಕ’ ಎಂಬ ಪದ ಅವನಿಗೆ ಆಗುವುದೇ ಇಲ್ಲ. ಅವನ ಗಂಟಲು ಸರಿ ಇದೆ, ಕೈಯಲ್ಲಿ ದಿನವಿಡೀ ಮಾತಾಡುತ್ತಾನೆ, ನಮ್ಮ ಮನೆಯಲ್ಲಿ ಜಾಸ್ತಿ ಮಾತಾಡುವವನು ಅವನೇ. ‘ಕಿವುಡ-ಮೂಕ’ ಅಂತ ಜೋಡಿಸಿ ಬರೆದವರಿಗೆ ಸನ್ನೆ ಭಾಷೆಯೂ ಒಂದು ಭಾಷೆ ಅನ್ನುವುದು ಗೊತ್ತಿಲ್ಲ. ಆದರೆ ‘ಶ್ರವಣದೋಷ ಇರುವವರು’ ಅಂದರೂ ಅವನಿಗೆ ಸಿಟ್ಟು. ‘ದೋಷ ಯಾಕೆ? ನಾನು ಕಿವುಡ, ನನ್ನ ಗೆಳೆಯರೆಲ್ಲ ಕಿವುಡರು, ನಮ್ಮದು ಒಂದು ಗುಂಪು’ ಅನ್ನುತ್ತಾನೆ. ಅಮ್ಮನಿಗೆ ಆ ಪದ ಕೇಳಿದರೆ ಕಣ್ಣೀರು ಬರುತ್ತದೆ. ಮನೆಯಲ್ಲೇ ಒಪ್ಪಂದ ಇಲ್ಲ.

ಬಿಳಿ ಕೋಲು

ನಿಮ್ಮ ತಮ್ಮನ ಮಾತು ನನಗೆ ಅರ್ಥ ಆಗುತ್ತದೆ. ನಾನೂ ‘ಅಂಧ’ ಅಂತಲೇ ಹೇಳಿಕೊಳ್ಳುವುದು. ‘ದೃಷ್ಟಿದೋಷವುಳ್ಳ’ ಅಂದರೆ ಕನ್ನಡಕ ಹಾಕುವವರೂ ಅದರಲ್ಲಿ ಬಂದರು. ಬ್ಯಾಂಕಿನಲ್ಲಿ ಒಮ್ಮೆ ನನ್ನನ್ನು ಹಾಗೆ ಪರಿಚಯಿಸಿದರು, ಎದುರಿಗಿದ್ದವರು ದೊಡ್ಡ ಅಕ್ಷರದಲ್ಲಿ ಅಚ್ಚಾದ ಕಾಗದ ಕೊಟ್ಟರು. ಮಂದದೃಷ್ಟಿ ಇರುವವರಿಗೆ ಅದು ಬೇಕು, ನನಗೆ ಅದು ಬಿಳಿ ಹಾಳೆ. ಮೆತ್ತಗಿನ ಪದ ಹುಡುಕುತ್ತಾ ಹೋದರೆ ಕೊನೆಗೆ ಕೆಲಸಕ್ಕೆ ಬಾರದ ಪದ ಕೈಗೆ ಸಿಗುತ್ತದೆ. ‘ದೃಷ್ಟಿಹೀನ’ ಮಾತ್ರ ಬೇಡ. ಆ ‘ಹೀನ’ಕ್ಕೆ ಕನ್ನಡದಲ್ಲಿ ಬೇರೆ ನಾತ ಇದೆ.

ಡೆಸ್ಕಿನ ಸರ್, ಒಂದು ಕಡೆ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನೀವು ನಾಮಪದ ಬೇಡ ಎಂದಿರಿ. ನನಗೆ ‘ಅಂಧ’ ಎಂಬ ನಾಮಪದ ಬೇಕು. ನಾನು ಅದನ್ನು ಆರಿಸಿಕೊಂಡಿದ್ದೇನೆ.

ಹಳೇ ಡೆಸ್ಕು

ನೀವು ಆರಿಸಿಕೊಂಡದ್ದನ್ನೇ ನಿಮ್ಮ ಬಗ್ಗೆ ಬರೆಯುವಾಗ ಬರೆಯುತ್ತೇನೆ. ಎಲ್ಲ ಅಂಧರ ಬಗ್ಗೆ ಬರೆಯುವಾಗ ಯಾವುದು, ಅಲ್ಲಿ ನನಗೆ ಇನ್ನೂ ಗಟ್ಟಿ ಉತ್ತರ ಇಲ್ಲ.

ಮಲಪ್ರಭಾ ದಂಡಿ

ಇವತ್ತು ಶಾಲೆ ಬಿಟ್ಟ ಮೇಲೆ ಮತ್ತೆ ಗುಳೇದಗುಡ್ಡಕ್ಕೆ ಹೋಗಿದ್ದೆ. ಈ ಸಲ ಬರೀ ಮಗ್ಗದ ಬಗ್ಗೆ ಕೇಳಿದೆ. ಕುಣಿ ಮಗ್ಗ, ಕಾಲು ಇಳಿಬಿಟ್ಟು ಕೂಡಬೇಕು. ತುಳಿಯುವ ಹಲಗೆಗಳನ್ನು ಅವರ ತಂದೆಯೇ ಬಲಕ್ಕೆ ಸರಿಸಿ ಕಟ್ಟಿಕೊಟ್ಟಿದ್ದರಂತೆ. ಬಲಗಾಲು ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ನೋಡುತ್ತಾ ಕೂತೆ. ಹಲಗೆ ಸವೆದು ನಡುವೆ ಹಿಮ್ಮಡಿಯ ಆಕಾರದ ತಗ್ಗು ಬಿದ್ದಿದೆ.

ಕಾಲಿನ ಬಗ್ಗೆ ಏನು ಬರೆಯಲಿ ಅಂತ ಕೇಳಿದೆ. “ನಾ ಕುಂಟತೇನಿ, ಬರೀರಿ. ಕುಂಟ ಅಂತ ಬರೀಬ್ಯಾಡ್ರಿ” ಅಂದರು. ಇಡೀ ಚರ್ಚೆಯನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು ಅನ್ನಿಸಿತು.

ಹೊಸ ಪ್ಯಾರಾ:

“ಗುಳೇದಗುಡ್ಡದ ಆ ಓಣಿಯಲ್ಲಿ ಬೆಳಗಿನ 6ಕ್ಕೆ ಮೊದಲು ಕೇಳುವುದು ಅವರ ಮಗ್ಗದ ಸದ್ದು. 28 ವರ್ಷಗಳಿಂದ ಖಣ ನೇಯುತ್ತಿದ್ದಾರೆ. ಕುಣಿ ಮಗ್ಗದ ತುಳಿಯುವ ಹಲಗೆಗಳೆಲ್ಲ ಬಲಕ್ಕಿವೆ. 3ನೇ ವರ್ಷದಲ್ಲಿ ಪೋಲಿಯೊ ಆದ ಮೇಲೆ ಎಡಗಾಲಿನಲ್ಲಿ ಬಲ ಕಡಿಮೆ, ಹಾಗಾಗಿ ತಂದೆ ಮಗ್ಗವನ್ನೇ ಮಗನಿಗೆ ತಕ್ಕಂತೆ ಕಟ್ಟಿದರು. ಕಾಲಿನ ತೊಂದರೆಯಿಂದಾಗಿ ನೂಲು ತರಲು ಮಾತ್ರ ಅವರು ಹೋಗಲಾರರು, ಮಗ ಹೋಗುತ್ತಾನೆ.”

ಹಳೇ ಡೆಸ್ಕು

ಟೀಚರ್, ಈಗ ನಿಮ್ಮ ನೇಕಾರರು ಕಣ್ಣಿಗೆ ಕಂಡರು. ‘ಇದ್ದರೂ’, ‘ಇಲ್ಲದಿದ್ದರೂ’ ಹೋದದ್ದು ದೊಡ್ಡ ಲಾಭ. ಆ ‘ರೂ’ ಎಂಬ ಒಂದು ಅಕ್ಷರ ‘ಇಂಥವರಿಂದ ಆಗದ ಕೆಲಸ’ ಎಂದು ಸದ್ದಿಲ್ಲದೆ ಹೇಳಿಬಿಡುತ್ತದೆ. ‘ಸಾಮಾನ್ಯರನ್ನೂ ನಾಚಿಸುವಂತೆ’ ಹೋದದ್ದೂ ಒಳ್ಳೆಯದಾಯಿತು. ಹೋಲಿಸಲೇಬೇಕಾದರೆ ‘ಅಂಗವೈಕಲ್ಯ ಇಲ್ಲದವರು’ ಎನ್ನಬೇಕು.

ಕೊನೆಯ ವಾಕ್ಯ ಮಾತ್ರ ಇನ್ನೊಮ್ಮೆ ನೋಡಿ. ಮಗ್ಗದ ಹತ್ತಿರ ಆ ಕಾಲಿನಿಂದ ತೊಂದರೆ ಆಗಲಿಲ್ಲ, ಯಾಕೆಂದರೆ ತಂದೆ ಹಲಗೆ ಸರಿಸಿದರು. ನೂಲಿನ ಕಚೇರಿಯಲ್ಲಿ ತೊಂದರೆ ಆಗುತ್ತಿದೆ. ಕಾಲು ಅದೇ. ಹಾಗಾದರೆ ಅಲ್ಲಿ ಏನಿದೆ?

ಮಲಪ್ರಭಾ ದಂಡಿ

ಮೊದಲ ಮಹಡಿ ಸರ್. 18 ಮೆಟ್ಟಿಲು. ಹಿಡಿಕೆ ಎಡಗಡೆ ಮಾತ್ರ ಇದೆ. ಅವರು ಎಡಗೈಯಲ್ಲಿ ಊರುಗೋಲು ಹಿಡೀತಾರ.

ಹಳೇ ಡೆಸ್ಕು

ಅದನ್ನೇ ಬರೆಯಿರಿ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ಸಿನಿಮಾಗಳಲ್ಲಿ ಅಂಗವೈಕಲ್ಯವನ್ನು ತೋರಿಸುವ ಬಗೆ ಕುರಿತು ತೀರ್ಪು ಕೊಟ್ಟಿತು. ಪೀಡಿತ, ನರಳುವ, ಬಲಿಪಶು ಎಂಬ ಅರ್ಥದ ಪದಗಳನ್ನು ಬಿಡಬೇಕು ಎಂದಿತು. ಅದು ಕೊಟ್ಟ ಕಾರಣ ನಿಮ್ಮ 18 ಮೆಟ್ಟಿಲಿಗೆ ನೇರವಾಗಿ ಹೊಂದುತ್ತದೆ: ಇಂಥ ಪದಗಳು ತೊಂದರೆಯನ್ನೆಲ್ಲ ಆ ವ್ಯಕ್ತಿಯ ಮೈಯ ಮೇಲೇ ಹೊರಿಸಿ, ಸಮಾಜ ಒಡ್ಡಿದ ಅಡ್ಡಿಗಳನ್ನು ಮರೆಗೆ ಸರಿಸುತ್ತವೆ. ‘ಕಾಲಿನ ತೊಂದರೆಯಿಂದ ಹೋಗಲಾರರು’ ಎಂದರೆ ಓದುಗ ಅಯ್ಯೋ ಎಂದು ಪುಟ ತಿರುವುತ್ತಾನೆ. ‘ಕಚೇರಿ ಮೊದಲ ಮಹಡಿಯಲ್ಲಿದೆ, 18 ಮೆಟ್ಟಿಲು, ಹಿಡಿಕೆ ಒಂದೇ ಕಡೆ’ ಎಂದರೆ, ಅದನ್ನು ಕೆಳಗೆ ತರಲಿಕ್ಕೆ ಏನು ಅಡ್ಡಿ ಎಂದು ಕೇಳುತ್ತಾನೆ.

ಶುದ್ಧ ಬರಹ

ಸರಿ, ‘ಕುಂಠಿತ’ ಮತ್ತು ‘ದಿವ್ಯಾಂಗ’ ಎರಡರಲ್ಲೂ ನಾನು ಆತುರಪಟ್ಟೆ. ಆದರೆ ‘ಕುಂಟುತ್ತಾರೆ’ ಅಂತ ಪತ್ರಿಕೆಯಲ್ಲಿ ಬರೆಯುವುದು ನನಗೆ ಈಗಲೂ ಸರಿ ಕಾಣುವುದಿಲ್ಲ. ಅವರು ಹೇಳಿರಬಹುದು. ಬೇರೆ ಓದುಗರಿಗೆ ಅವರು ಹೇಳಿದ್ದು ಗೊತ್ತಿರುವುದಿಲ್ಲವಲ್ಲ?

ಬಿಳಿ ಕೋಲು

ಹಾಗಾದರೆ ಉದ್ಧರಣ ಚಿಹ್ನೆ ಹಾಕಿ ಅವರ ಬಾಯಿಂದಲೇ ಹೇಳಿಸಲಿ. “ನಾ ಕುಂಟತೇನಿ” ಅಂತ ಅವರದೇ ಮಾತಿನಲ್ಲಿ.

ಗೆಜ್ಜಿ ಸಪ್ಪಳ

ನನಗೂ ಶುದ್ಧ ಬರಹದವರ ಅಳುಕೇ ಇದೆ. ಉದ್ಧರಣ ಚಿಹ್ನೆಯನ್ನ ಯಾರೂ ನೋಡಂಗಿಲ್ಲ. ಶಬ್ದ ಅಷ್ಟ ನೆನಪಿಡ್ತಾರ.

ಮಲಪ್ರಭಾ ದಂಡಿ

ಮೆಟ್ಟಿಲಿನ ವಾಕ್ಯ ಹಾಗೇ ಬರೆದು ಕಳಿಸಿದೆ. “ನಾ ಕುಂಟತೇನಿ” ಹಾಕಲಿಲ್ಲ, ‘ಊರುಗೋಲು ಹಿಡಿದು ನಡೆಯುತ್ತಾರೆ’ ಅಂತ ಬರೆದೆ. ಅವರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. “ಖಣದ ಅಂಚಿನ ಬಗ್ಗೆ ಎರಡು ಸಾಲು ಹೆಚ್ಚಿಗಿ ಬರೀರಿ” ಅಂದರು, ಬರೆದೆ.

ವಾರಪತ್ರಿಕೆಯವರು ಶೀರ್ಷಿಕೆ ತಾವೇ ಕೊಡ್ತಾರಂತೆ. ‘ಅಂಗವೈಕಲ್ಯ ಮೆಟ್ಟಿ ನಿಂತ ಛಲಗಾರ’ ಅಂತ ಅಂದುಕೊಂಡಿದ್ದಾರೆ. ನಾಳೆ ಮುಂಜಾನೆ ಅವರ ಕಚೇರಿಗೆ ಹೋಗ್ತೀನಿ. ‘18 ಮೆಟ್ಟಿಲ ಕೆಳಗೆ ಒಂದು ಮಗ್ಗ’ ಅಂತ ಬರೆದುಕೊಂಡೀನಿ. ಒಪ್ತಾರೋ ಇಲ್ಲೋ.

ಎರಿ ಹೊಲ

ಬಿಳಿ ಕೋಲಿನವರು ಹೇಳಿದ್ರಂತ ನಿನ್ನೆ ಸಂಜಿಮುಂದ ಅವನ್ನ ಕೇಳಿದ್ನಿರಿ. ‘ನಿನಗ ಹಂಗ ಕರದ್ರ ಹೆಂಗ ಅನಸ್ತೈತಿ’ ಅಂದೆ. ಬಾಳೊತ್ತು ಸುಮ್ಮನಿದ್ದ. ಆಮ್ಯಾಲೆ ‘ಈ ಊರಾಗ ಇರೂ ಪಂಪಸೆಟ್ಟೆಲ್ಲಾ ನಾನ ರಿಪೇರಿ ಮಾಡೀನಿ, ಪಂಪಸೆಟ್ಟಿನಾಂವ ಅನ್ನಾಕ ಬರೂದಿಲ್ಲೇನು’ ಅಂದ. ನನಗ ಬಾಯಿ ಬರಲಿಲ್ಲ.

ಹಾಲಿನ ಡೈರಿ ಪುಸ್ತಕದಾಗ ಅವನ ಹೆಸರಿನ ಮುಂದ ಹಳೇದ ಐತಿ. ಸೆಕ್ರೆಟರಿಗಿ ಹೇಳೀನಿ. ಹೊಸಾ ಪುಸ್ತಕ ಏಪ್ರಿಲ್‌ದಾಗ ಹಚ್ಚತೀವಿ, ಅಲ್ಲೀತನಕ ಹೊಡದ ಹಾಕಿ ಬರೀತೀನಿ ಅಂದಾನ.